ನಲವತ್ತು ಕುರ್ಚಿ, ನೂರಮೂವತ್ತು ಹೆಸರು

‘ಸ್ಥಳಾವಕಾಶ ಸೀಮಿತ. ಮೊದಲು ನೋಂದಾಯಿಸಿದವರಿಗೆ ಆದ್ಯತೆ.’ ನಮ್ಮಲ್ಲಿ ನಡೆಯುವ ವಿಚಾರ ಸಂಕಿರಣಗಳ ಪೋಸ್ಟರಿನಲ್ಲಿ ಈ ಎರಡು ಸಾಲು ಇದ್ದೇ ಇರುತ್ತವೆ. ಹೀಗೇ ಮಾಡೋಣ ಎಂದು ಯಾರೂ ಕೂತು ತೀರ್ಮಾನಿಸಿರುವುದಿಲ್ಲ. ಹಳೆಯ ಪೋಸ್ಟರಿನಿಂದ ಹೊಸದಕ್ಕೆ ಸಾಲು ಹಾಗೇ ಇಳಿದು ಬಂದಿರುತ್ತದೆ. ಇನ್ನು ಕೆಲವು ಕಡೆ ‘ಆಯ್ದ ಅಭ್ಯರ್ಥಿಗಳಿಗೆ ಮಾತ್ರ ಪ್ರವೇಶ’ ಎಂದಿರುತ್ತದೆ. ಆಯುವವರು ಯಾರು, ಯಾವುದನ್ನು ನೋಡಿ ಆಯುತ್ತಾರೆ, ಉತ್ತರ ಯಾವಾಗ ಬರುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ. ಸೀಟು ಹಂಚುವ ಈ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಆದರೆ ಸಂಕಿರಣದ ದಿನ ಕೋಣೆಯಲ್ಲಿ ಯಾರು ಕೂತಿರುತ್ತಾರೆ, ಎಷ್ಟು ಕುರ್ಚಿ ಖಾಲಿ ಉಳಿಯುತ್ತವೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇದೇ.

ಒಂದು ಸಂಕಿರಣವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿ ನೋಡೋಣ. ಹಾಸನದ ಒಂದು ಕಾಲೇಜಿನಲ್ಲಿ ಎರಡು ದಿನದ ಶಾಸನ ಸಂಕಿರಣ. ಹಲ್ಮಿಡಿ ಇರುವ ಜಿಲ್ಲೆ. ಊರೂರಿನಲ್ಲೂ ವೀರಗಲ್ಲು, ದಾನ ಶಾಸನ. ಮೊದಲ ದಿನ ಹಳಗನ್ನಡ ಲಿಪಿಯ ಮೇಲೆ ಉಪನ್ಯಾಸ. ಎರಡನೆಯ ದಿನ ಕೈಕೆಲಸ: ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಅಚ್ಚು ತೆಗೆಯುವುದು, ಆಮೇಲೆ ಅದನ್ನು ಓದುವುದು. ಅನುಮತಿ ಸಿಕ್ಕಿರುವುದು ಎಂಟು ಕಲ್ಲಿಗೆ. ಒಂದು ಕಲ್ಲಿನ ಸುತ್ತ ಐದು ಜನರಿಗಿಂತ ಹೆಚ್ಚು ನಿಂತರೆ ಕೈ ಆಡಿಸಲು ಜಾಗವಿಲ್ಲ. ಎಂಟು ಐದಲಿ ನಲವತ್ತು. ಪ್ರವೇಶ ಉಚಿತ, ಊಟ ಕಾಲೇಜಿನದು. ನಲವತ್ತು ಸೀಟು ಎಂಬ ಮಿತಿ ಹುಟ್ಟಿದ್ದು ಹೀಗೆ.

ಸರದಿಯ ಸೀಟು ಯಾರ ಪಾಲಾಗುತ್ತದೆ

ಬುಧವಾರ ಸಂಜೆ ಏಳೂವರೆಗೆ ಗೂಗಲ್ ಫಾರ್ಮ್‌ನ ಕೊಂಡಿ ವಾಟ್ಸಾಪ್‌ನಲ್ಲಿ ಹೊರಟಿತು ಎಂದುಕೊಳ್ಳಿ. ಫಾರ್ಮ್ ತುಂಬಿದವರ ವಿವರ ಶೀಟಿಗೆ ಬಂದು ಬೀಳುವಾಗ ಮೊದಲ ಕಾಲಂನಲ್ಲಿ Timestamp ಎಂಬ ಹೆಸರಿನಡಿ ದಿನಾಂಕ, ಗಂಟೆ, ನಿಮಿಷ, ಸೆಕೆಂಡು ದಾಖಲಾಗುತ್ತವೆ. ಸರದಿಯ ಪದ್ಧತಿಯಲ್ಲಿ ತೀರ್ಪು ಕೊಡುವುದು ಈ ಕಾಲಂ ಒಂದೇ. ರಾತ್ರಿ ಹತ್ತರೊಳಗೆ ನಲವತ್ತು ಹೆಸರು ತುಂಬಿದವು, ಸಂಘಟಕರು ಫಾರ್ಮ್ ಮುಚ್ಚಿದರು. ಯಾರನ್ನೂ ಬೇಡ ಎನ್ನಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಇದಕ್ಕಿಂತ ನ್ಯಾಯ ಇನ್ನೇನು ಎನಿಸುತ್ತದೆ.

ಈಗ ಅದೇ ಶೀಟನ್ನು ನಿಧಾನವಾಗಿ ಕೆಳಗಿನವರೆಗೆ ಓದಿ. ಏಳು ಮುಕ್ಕಾಲಿನಿಂದ ಎಂಟೂಕಾಲರ ನಡುವೆ ಒಂದೇ ಸಮನೆ ಇಪ್ಪತ್ತೆರಡು ಹೆಸರು, ಎಲ್ಲವೂ ನಗರದ ಒಂದೇ ಕಾಲೇಜಿನವು. ಅಲ್ಲಿನ ಅಧ್ಯಾಪಕರೊಬ್ಬರು ಕೊಂಡಿಯನ್ನು ತರಗತಿಯ ಗುಂಪಿಗೆ ಕಳಿಸಿ ‘ಎಲ್ಲರೂ ಹಾಕಿ’ ಎಂದಿದ್ದಾರೆ. ಅರಕಲಗೂಡಿನ ಹೈಸ್ಕೂಲ್ ಮೇಷ್ಟರು ಆ ಸಂಜೆ ಮೌಲ್ಯಮಾಪನದಲ್ಲಿದ್ದರು. ಸಂದೇಶ ಕಂಡದ್ದು ಬೆಳಿಗ್ಗೆ. ಸಕಲೇಶಪುರದ ಕಡೆಯ ಹಳ್ಳಿಯೊಂದರ ಪಂಚಾಯ್ತಿ ಗ್ರಂಥಪಾಲಕಿಗೆ ರಾತ್ರಿ ನೆಟ್‌ವರ್ಕ್ ಇರಲಿಲ್ಲ. ಅವರ ಊರಿನಲ್ಲಿ ಓದದೆ ಬಿದ್ದ ಕಲ್ಲಿದೆ. ಸೀಟು ಸಿಕ್ಕ ಇಪ್ಪತ್ತೆರಡು ಮಂದಿಯಲ್ಲಿ ಅನೇಕರಿಗೆ ಬೇಕಿರುವುದು ಸರ್ಟಿಫಿಕೇಟು.

ಸರದಿಯ ಪದ್ಧತಿ ಆಯ್ಕೆ ಮಾಡುವುದಿಲ್ಲ ಎಂಬ ಮಾತು ಹಾಗಾಗಿ ನಿಜವಲ್ಲ. ಅದೂ ಆಯ್ಕೆ ಮಾಡುತ್ತದೆ. ಸಂದೇಶ ಮೊದಲು ತಲುಪಿದವರನ್ನು, ಆ ಹೊತ್ತಿನಲ್ಲಿ ಬಿಡುವಾಗಿದ್ದವರನ್ನು, ನೆಟ್ ಚೆನ್ನಾಗಿರುವವರನ್ನು ಆಯುತ್ತದೆ. ಆಯ್ಕೆ ಯಾರ ಕೈಯಿಂದಲೂ ಆಗಲಿಲ್ಲವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಇದರ ದೊಡ್ಡ ರೂಪವನ್ನು ರೈಲು ಪ್ರಯಾಣಿಕರೆಲ್ಲ ಬಲ್ಲರು. ತತ್ಕಾಲ್ ಟಿಕೆಟು ಎಸಿ ದರ್ಜೆಗೆ ಬೆಳಿಗ್ಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ ತೆರೆಯುತ್ತದೆ. ಬೇಡಿಕೆ ಇರುವ ರೈಲುಗಳಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಸರದಿ ಎಂಬುದು ಅಲ್ಲಿ ವೇಗದ ಸ್ಪರ್ಧೆಯಾಗಿಬಿಟ್ಟಿದೆ. ಆ ಸ್ಪರ್ಧೆಯಲ್ಲಿ ಏಜೆಂಟರೂ ಸಾಫ್ಟ್‌ವೇರುಗಳೂ ಮುಂದೆ ನುಗ್ಗುವುದನ್ನು ತಡೆಯಲು 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕೆಂದಾಯಿತು. ಮೊದಲ ಅರ್ಧ ಗಂಟೆ ಏಜೆಂಟರು ಟಿಕೆಟು ತೆಗೆಯುವಂತಿಲ್ಲ ಎಂದೂ ಆಯಿತು. ಬೇಡಿಕೆ ಸೀಟಿಗಿಂತ ಬಹಳ ಹೆಚ್ಚಾದ ಕಡೆ ಬರೀ ಸರದಿ ಸಾಲುವುದಿಲ್ಲ, ಅದರ ಸುತ್ತ ಬೇಲಿ ಹಾಕುತ್ತಲೇ ಇರಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ಸರದಿ ಕೆಟ್ಟ ಪದ್ಧತಿಯಲ್ಲ. ಅರ್ಜಿ ಹಾಕುವವರ ಸಂಖ್ಯೆ ಸೀಟಿನ ಸಂಖ್ಯೆಗೆ ಹತ್ತಿರವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನೂರೈವತ್ತು ಕುರ್ಚಿಗೆ ನೂರೆಪ್ಪತ್ತು ಜನ ಬರುವಂತಿದ್ದರೆ ಅರ್ಜಿ ಓದುತ್ತಾ ಕೂರುವುದು ವ್ಯರ್ಥ ಶ್ರಮ. ಬಂದವರೆಲ್ಲ ಕೇಳುಗರೇ ಆಗಿರುವಾಗ, ಒಬ್ಬರ ಬದಲು ಇನ್ನೊಬ್ಬರು ಕೂತರೂ ಉಪನ್ಯಾಸ ಬದಲಾಗದಿರುವಾಗ, ಇಂಥವರೇ ಬೇಕು ಎನ್ನಲು ಕಾರಣವೂ ಇಲ್ಲ. ಫಾರ್ಮ್ ತುಂಬಿದ ಕ್ಷಣದಲ್ಲೇ ಸೀಟು ಉಂಟೋ ಇಲ್ಲವೋ ಗೊತ್ತಾಗುವುದೂ ದೊಡ್ಡ ಅನುಕೂಲ. ದೂರದಿಂದ ಬರುವವರು ಕೂಡಲೇ ಬಸ್ಸು, ರಜೆ, ಮನೆಯ ವ್ಯವಸ್ಥೆ ನೋಡಿಕೊಳ್ಳಬಹುದು.

ಬರುತ್ತೇನೆಂದು ಬಾರದವರು

ಉಚಿತ ಸಂಕಿರಣಕ್ಕೆ ಹೆಸರು ಕೊಡಲು ಅರ್ಧ ನಿಮಿಷ ಸಾಕು, ಬಾರದಿದ್ದರೆ ನಷ್ಟವಿಲ್ಲ. ಸರದಿಯಲ್ಲಿ ‘ಮೊದಲು ಹೆಸರು ಹಾಕಿಬಿಡೋಣ, ಆಮೇಲೆ ನೋಡೋಣ’ ಎಂಬ ಆತುರವೂ ಸೇರುತ್ತದೆ. ಹಾಗಾಗಿ ನಲವತ್ತು ಹೆಸರಿಗೆ ನಲವತ್ತು ಜನ ಬರುವುದು ಅಪರೂಪ. ಎಷ್ಟು ಜನ ತಪ್ಪಿಸಿಕೊಳ್ಳುತ್ತಾರೆ ಎಂಬುದಕ್ಕೆ ಎಲ್ಲೆಡೆಗೂ ಹೊಂದುವ ಒಂದು ಸಂಖ್ಯೆಯಿಲ್ಲ. ನಿಮ್ಮದೇ ಹಿಂದಿನ ಕಾರ್ಯಕ್ರಮಗಳ ನೋಂದಣಿ ಪಟ್ಟಿಯನ್ನೂ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಉದಾಹರಣೆಯಲ್ಲಿ ನೂರಕ್ಕೆ ಮೂವತ್ತು ಜನ ಎಂದಿಟ್ಟುಕೊಳ್ಳೋಣ. ನಲವತ್ತು ಹೆಸರಿಗೆ ಇಪ್ಪತ್ತೆಂಟು ಜನ ಬಂದಂತಾಯಿತು. ಹನ್ನೆರಡು ಜಾಗ ಖಾಲಿ, ಅರಕಲಗೂಡಿನ ಮೇಷ್ಟರು ಮನೆಯಲ್ಲಿ.

ಇದಕ್ಕೆ ಸಂಘಟಕರು ಸಾಮಾನ್ಯವಾಗಿ ಮಾಡುವ ಉಪಾಯ ಹೆಚ್ಚು ಹೆಸರು ತೆಗೆದುಕೊಳ್ಳುವುದು. ಎಷ್ಟು ಹೆಚ್ಚು? ನೂರಕ್ಕೆ ಎಪ್ಪತ್ತು ಜನ ಬರುತ್ತಾರಾದರೆ ನಲವತ್ತು ಜನ ಬರಲು ಐವತ್ತೇಳು ಹೆಸರು ಬೇಕು ಎಂದು ಭಾಗಾಕಾರ ಹೇಳುತ್ತದೆ. ಆದರೆ ಆ ಲೆಕ್ಕ ಹೇಳುವುದು ಸರಾಸರಿಯನ್ನು. ಸರಾಸರಿ ನಲವತ್ತು ಎಂದರೆ ಕೆಲವೊಮ್ಮೆ ಮೂವತ್ತಾರು, ಕೆಲವೊಮ್ಮೆ ನಲವತ್ತನಾಲ್ಕು. ಸಂಭವನೀಯತೆಯ ಲೆಕ್ಕದಲ್ಲಿ ಐವತ್ತೇಳು ಹೆಸರು ತೆಗೆದುಕೊಂಡರೆ ಹತ್ತರಲ್ಲಿ ನಾಲ್ಕು ಸಲಕ್ಕೂ ಹೆಚ್ಚು ಬಾರಿ ನಲವತ್ತು ಮೀರಿ ಜನ ಬರುತ್ತಾರೆ. ಐವತ್ತಕ್ಕೇ ನಿಲ್ಲಿಸಿದರೆ ಹಾಗಾಗುವುದು ಇಪ್ಪತ್ತೈದು ಸಲದಲ್ಲಿ ಒಂದು ಸಲ. ಸರಾಸರಿ ಮೂವತ್ತೈದು ಜನ ಬರುತ್ತಾರೆ. ಸಭಾಂಗಣವಾದರೆ ಪಕ್ಕದ ಕೋಣೆಯಿಂದ ನಾಲ್ಕು ಕುರ್ಚಿ ತಂದು ಹಾಕಬಹುದು, ಅಲ್ಲಿ ಧಾರಾಳವಾಗಿ ಹೆಸರು ತೆಗೆದುಕೊಂಡರೂ ನಡೆಯುತ್ತದೆ. ಕಲ್ಲಿನ ಸುತ್ತ ಆರನೆಯವರಿಗೆ ಜಾಗವೇ ಇಲ್ಲದ ಕಡೆ ಆ ಧೈರ್ಯ ಮಾಡುವಂತಿಲ್ಲ. ಬನ್ನಿ ಎಂದು ಕರೆದು, ಬೇಲೂರಿನಿಂದ ಬೆಳಿಗ್ಗೆಯ ಬಸ್ಸು ಹಿಡಿದು ಬಂದವರನ್ನು ಬಾಗಿಲಲ್ಲಿ ವಾಪಸು ಕಳಿಸುವುದು ಖಾಲಿ ಕುರ್ಚಿಗಿಂತ ಕೆಟ್ಟದ್ದು.

ಈ ಲೆಕ್ಕದ ಹಿಂದೆ ಒಂದು ಷರತ್ತೂ ಇದೆ. ಒಬ್ಬೊಬ್ಬರೂ ತಮ್ಮ ತಮ್ಮ ಕಾರಣಕ್ಕೆ ತಪ್ಪಿಸಿಕೊಳ್ಳುತ್ತಾರೆ ಎಂದು ಅದು ನಂಬುತ್ತದೆ. ಸರದಿಯಲ್ಲಿ ಹೆಸರು ಬರುವುದು ಗುಂಪುಗುಂಪಾಗಿ. ಆ ಇಪ್ಪತ್ತೆರಡು ಮಂದಿಯ ಕಾಲೇಜಿನಲ್ಲಿ ಅದೇ ಶನಿವಾರ ಇಂಟರ್ನಲ್ಸ್ ಇಟ್ಟರೆ ಇಪ್ಪತ್ತೆರಡು ಸೀಟೂ ಒಟ್ಟಿಗೆ ಖಾಲಿ. ಆದ್ದರಿಂದ ಸರದಿಯನ್ನೇ ಅನುಸರಿಸುವವರು ‘ಒಂದು ಸಂಸ್ಥೆಯಿಂದ ನಾಲ್ವರಿಗಿಂತ ಹೆಚ್ಚಿಲ್ಲ’ ಎಂಬ ನಿಯಮ ಸೇರಿಸುವುದು ಒಳ್ಳೆಯದು. ಐದನೆಯವರ ಹೆಸರು ವೇಟಿಂಗ್ ಲಿಸ್ಟಿಗೆ ಹೋಗುತ್ತದೆ, ಸೀಟು ಉಳಿದರೆ ಅವರಿಗೂ ಸಿಗುತ್ತದೆ. ಈ ಒಂದೇ ಸಾಲು ಹಂಚಿಕೆಯನ್ನೂ ನೆಟ್ಟಗೆ ಮಾಡುತ್ತದೆ, ಹಾಜರಿಯ ಅಪಾಯವನ್ನೂ ತಗ್ಗಿಸುತ್ತದೆ.

ಅರ್ಜಿ ನೋಡಿ ಆಯುವುದೆಂದರೆ

ಈಗ ಇನ್ನೊಂದು ದಾರಿ. ಫಾರ್ಮ್ ಹತ್ತು ದಿನ ತೆರೆದಿರುತ್ತದೆ. ಮೊದಲ ದಿನ ತುಂಬಿದರೂ ಕೊನೆಯ ದಿನ ತುಂಬಿದರೂ ಬೆಲೆ ಒಂದೇ. ನೂರಮೂವತ್ತು ಅರ್ಜಿ ಬಂದವು ಎನ್ನೋಣ. ಇಬ್ಬರು ಓದುಗರು, ಒಂದೊಂದು ಅರ್ಜಿಗೆ ನಾಲ್ಕು ನಿಮಿಷ. ಒಬ್ಬೊಬ್ಬರಿಗೆ ಎಂಟು ಗಂಟೆ ನಲವತ್ತು ನಿಮಿಷದ ಕೆಲಸ. ಇಬ್ಬರ ಅಂಕ ಹೊಂದದ ಅರ್ಜಿಗಳನ್ನು ಮತ್ತೆ ಕೂತು ನೋಡುವುದು ಬೇರೆ. ಈ ಹೊತ್ತು ಕೊಡಲು ಜನ ಇಲ್ಲದಿದ್ದರೆ ಆಯ್ಕೆಯ ದಾರಿ ಹಿಡಿಯಲೇಬಾರದು. ಅರ್ಜಿ ಕೇಳಿಸಿಕೊಂಡು, ಓದದೆ, ಪರಿಚಯದ ಹೆಸರುಗಳಿಗೆ ಟಿಕ್ ಹಾಕುವುದು ಎರಡೂ ಪದ್ಧತಿಗಳ ಕೆಟ್ಟದ್ದನ್ನೇ ಒಟ್ಟುಗೂಡಿಸಿದ ಹಾಗೆ.

ಫಾರ್ಮಿನಲ್ಲಿ ಏನು ಕೇಳುತ್ತೇವೆ ಎಂಬುದರ ಮೇಲೆ ಆಯ್ಕೆ ನಿಂತಿದೆ. ಬಹಳ ಫಾರ್ಮುಗಳಲ್ಲಿ ‘ಈ ಸಂಕಿರಣದಲ್ಲಿ ನಿಮಗೇಕೆ ಆಸಕ್ತಿ?’ ಎಂಬ ಪ್ರಶ್ನೆ ಇರುತ್ತದೆ. ಅದಕ್ಕೆ ಬರುವ ಉತ್ತರ ಬಹುಪಾಲು ಒಂದೇ: ‘ನನಗೆ ನಾಡಿನ ಇತಿಹಾಸ ಪರಂಪರೆಯ ಬಗ್ಗೆ ಮೊದಲಿನಿಂದಲೂ ಅಪಾರ ಆಸಕ್ತಿ ಇದ್ದು, ಈ ಸಂಕಿರಣವು ನನ್ನ ಜ್ಞಾನವೃದ್ಧಿಗೆ ಸಹಕಾರಿಯಾಗುತ್ತದೆ.’ ಇದನ್ನು ಓದಿ ಯಾರನ್ನೂ ಸೇರಿಸಲೂ ಆಗದು, ಬಿಡಲೂ ಆಗದು. ಚೆನ್ನಾಗಿ ಬರೆಯಬಲ್ಲವರಿಗೆ ಹೆಚ್ಚು ಅಂಕ ಸಿಕ್ಕಿಬಿಡುವ ಅಪಾಯವೂ ಉಂಟು. ಅದರ ಬದಲು ‘ಇಲ್ಲಿ ಕಲಿತದ್ದನ್ನು ಯಾವ ಕಲ್ಲಿನ ಮೇಲೆ, ಅಥವಾ ಯಾವ ತರಗತಿಯಲ್ಲಿ, ಯಾವಾಗ ಬಳಸುತ್ತೀರಿ?’ ಎಂದು ಕೇಳಿ ನೋಡಿ. ‘ನಮ್ಮೂರ ಈಶ್ವರ ಗುಡಿಯ ಹಿಂದೆ ಒಂದು ವೀರಗಲ್ಲಿದೆ. ಮೂರು ಸಾಲು ಅಕ್ಷರ. ಸುಣ್ಣ ಬಳಿದಿದ್ದಾರೆ. ಓದಲು ಬರಲ್ಲ’ ಎಂದು ಒಬ್ಬರು ಬರೆಯುತ್ತಾರೆ. ವ್ಯಾಕರಣ ಹೇಗೇ ಇರಲಿ, ಅವರಿಗೆ ಸೀಟು ಯಾಕೆ ಬೇಕು ಎಂಬುದು ಮೂರು ಸಾಲಿನಲ್ಲಿ ಗೊತ್ತಾಯಿತು.

ಇದರ ಜೊತೆಗೆ ಇನ್ನೆರಡೇ ಪ್ರಶ್ನೆ ಸಾಕು. ಎರಡೂ ದಿನ ಪೂರ್ತಿ ಇರುತ್ತೀರಾ? ಯಾವ ತಾಲ್ಲೂಕು, ಯಾವ ಸಂಸ್ಥೆ? ಹಾಸನ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿವೆ. ಎಲ್ಲ ಕಡೆಯಿಂದಲೂ ಕೆಲವರಾದರೂ ಇರಲಿ ಎಂಬುದು ಉದ್ದೇಶವಾದರೆ ಅದನ್ನು ಪೋಸ್ಟರಿನಲ್ಲೇ ಹೇಳಬೇಕು. ಪದವಿ, ಅಂಕ, ವಯಸ್ಸು, ಫೋಟೋ ಇವು ಆಯ್ಕೆಗೆ ಬಳಕೆಯಾಗದಿದ್ದರೆ ಕೇಳಬಾರದು. ಕೇಳಿದ ಪ್ರತಿ ವಿವರವೂ ಅರ್ಜಿದಾರರ ಮನಸ್ಸಿನಲ್ಲಿ ‘ಇದಕ್ಕೇ ನನ್ನನ್ನು ಬಿಟ್ಟರೇನೋ’ ಎಂಬ ಅನುಮಾನಕ್ಕೆ ಜಾಗ ಮಾಡಿಕೊಡುತ್ತದೆ.

ನಮ್ಮ ನೂರಮೂವತ್ತರಲ್ಲಿ ಎಂಟು ಅರ್ಜಿ ಎರಡು ಸಲ ಬಂದವು, ಉಳಿದದ್ದು ನೂರಿಪ್ಪತ್ತೆರಡು. ಎರಡೂ ದಿನ ಇರಲಾಗದವರು ಹತ್ತೊಂಬತ್ತು; ಉಳಿದದ್ದು ನೂರಮೂರು. ಇಬ್ಬರು ಓದುಗರೂ ‘ಖಂಡಿತ ಬೇಕು’ ಎಂದದ್ದು ಇಪ್ಪತ್ತನಾಲ್ಕು. ಇಬ್ಬರೂ ‘ಈ ಸಲ ಬೇಡ’ ಎಂದದ್ದು ಇಪ್ಪತ್ತೊಂದು. ನಡುವೆ ಉಳಿದವರು ಐವತ್ತೆಂಟು. ಆತಿಥ್ಯ ವಹಿಸಿದ ಕಾಲೇಜಿಗೆ ಎರಡು ಸೀಟು ಎಂದು ಪೋಸ್ಟರಿನಲ್ಲೇ ಹೇಳಿಯಾಗಿದೆ. ಇನ್ನುಳಿದಿರುವುದು ಹದಿನಾಲ್ಕು ಸೀಟು, ಐವತ್ತೆಂಟು ಜನ.

ಓದುಗರು ದಣಿಯುವುದು, ಜಗಳವಾಗುವುದು, ಪಕ್ಷಪಾತ ನುಸುಳುವುದು ಈ ನಡುವಿನ ಗುಂಪಿನಲ್ಲೇ. ಇಪ್ಪತ್ತನಾಲ್ಕನ್ನು ಗುರುತಿಸುವುದು ಸುಲಭ, ಇಪ್ಪತ್ತೊಂದನ್ನೂ ಗುರುತಿಸಬಹುದು. ಐವತ್ತೆಂಟರಲ್ಲಿ ಹದಿನಾಲ್ಕನೆಯವರಿಗೂ ಹದಿನೈದನೆಯವರಿಗೂ ಇರುವ ವ್ಯತ್ಯಾಸವನ್ನು ಅಂಕದಲ್ಲಿ ಹಿಡಿಯಲು ಹೊರಡುವುದು ನಮಗೆ ನಾವೇ ಮೋಸ ಮಾಡಿಕೊಳ್ಳುವ ಕೆಲಸ. ಬೆಳಿಗ್ಗೆ ಓದಿದ ಅರ್ಜಿಗೂ ರಾತ್ರಿ ಓದಿದ ಅರ್ಜಿಗೂ ಅದೇ ಓದುಗರು ಬೇರೆ ಅಂಕ ಕೊಟ್ಟಿರುತ್ತಾರೆ. ಇಲ್ಲಿ ಚೀಟಿ ಎತ್ತುವುದೇ ಪ್ರಾಮಾಣಿಕ. ಐವತ್ತೆಂಟು ಹೆಸರು ಬರೆದು, ಇಲಾಖೆಯ ಇಬ್ಬರು ಹೊರಗಿನವರ ಮುಂದೆ ಇಪ್ಪತ್ತನಾಲ್ಕು ಚೀಟಿ ಎತ್ತಿ. ಮೊದಲ ಹದಿನಾಲ್ಕು ಜನರಿಗೆ ಸೀಟು, ಮುಂದಿನ ಹತ್ತು ಜನರಿಗೆ ಅದೇ ಕ್ರಮದಲ್ಲಿ ವೇಟಿಂಗ್ ಲಿಸ್ಟ್.

ಚೀಟಿ ಎತ್ತುವುದು ಸಂಶೋಧನೆಗೆ ತಕ್ಕದ್ದಲ್ಲ ಎನ್ನುವವರಿಗೆ ಒಂದು ಮಾತು. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ಒಂದು ಬಗೆಯ ಸಂಶೋಧನಾ ಅನುದಾನವನ್ನು ಹೀಗೇ ಕೊಡತೊಡಗಿತು: ತಜ್ಞರು ಅರ್ಹತೆಯ ಗೆರೆ ದಾಟಿದ ಅರ್ಜಿಗಳನ್ನು ಗುರುತಿಸಿದರು, ಅವುಗಳಲ್ಲಿ ಹಣ ಯಾವುದಕ್ಕೆ ಎಂಬುದನ್ನು ಲಾಟರಿ ತೀರ್ಮಾನಿಸಿತು. ಅಮೆರಿಕದ ಎಚ್-1ಬಿ ವೀಸಾ ಕಥೆ ಬೆಂಗಳೂರಿನ ಎಷ್ಟೋ ಮನೆಗಳಿಗೆ ಗೊತ್ತು. 2013ರ ಏಪ್ರಿಲ್‌ನಲ್ಲಿ, 65,000 ಮತ್ತು 20,000 ಎಂಬ ಎರಡು ಮಿತಿಗಳಿಗೆ ಮೊದಲ ಐದು ಕೆಲಸದ ದಿನಗಳಲ್ಲೇ ಸುಮಾರು 1,24,000 ಅರ್ಜಿಗಳು ಬಂದವು. ಸೋಮವಾರ ತಲುಪಿದ್ದು ಮೇಲು, ಶುಕ್ರವಾರ ತಲುಪಿದ್ದು ಕೀಳು ಎನ್ನದೆ, ಆ ದಿನಗಳಲ್ಲಿ ಬಂದವನ್ನೆಲ್ಲ ಸಮವಾಗಿ ಕಂಡು ಲಾಟರಿ ಹಾಕಿದರು. ಸಂಕಿರಣಕ್ಕೂ ಇದು ಸಲ್ಲುತ್ತದೆ. ಅರ್ಜಿ ಓದಲು ಜನವಿಲ್ಲ, ಆದರೆ ವೇಗದ ಸ್ಪರ್ಧೆಯೂ ಬೇಡ ಎನ್ನುವವರು ಫಾರ್ಮನ್ನು ಒಂದು ವಾರ ತೆರೆದಿಟ್ಟು ಕೊನೆಗೆ ಚೀಟಿ ಎತ್ತಬಹುದು. ಅರಕಲಗೂಡಿನ ಮೇಷ್ಟರಿಗೂ ನಗರದ ವಿದ್ಯಾರ್ಥಿಗೂ ಆಗ ಅವಕಾಶ ಒಂದೇ.

‘ನಮ್ಮ ಹುಡುಗ ಒಬ್ಬ ಇದ್ದಾನೆ ಸಾರ್’

ಆಯ್ಕೆ ಇದೆ ಎಂದು ಗೊತ್ತಾದ ಮರುದಿನ ಫೋನು ಶುರುವಾಗುತ್ತದೆ. ‘ಸಾರ್, ನಮ್ಮ ಹುಡುಗ ಒಬ್ಬ ಇದ್ದಾನೆ, ಬಹಳ ಆಸಕ್ತಿ, ಒಂಚೂರು ನೋಡ್ಕೊಳ್ಳಿ.’ ಮಾಡುವವರು ಹಿರಿಯ ಸಹೋದ್ಯೋಗಿಯೋ, ಊಟದ ಖರ್ಚು ಕೊಟ್ಟವರೋ ಆಗಿರುತ್ತಾರೆ. ಸರದಿಯಲ್ಲಿ ‘ಫಾರ್ಮ್ ಮುಚ್ಚಿದೆ ಸಾರ್’ ಎಂದರೆ ಮುಗಿಯಿತು. ಆಯ್ಕೆಯಲ್ಲಿ ಆ ಗುರಾಣಿ ಇಲ್ಲ. ಅದಕ್ಕೇ ಸಂಘಟಕರು ಎರಡು ಕೆಲಸ ಮೊದಲೇ ಮಾಡಿರಬೇಕು. ಆತಿಥೇಯರಿಗೆ, ಪ್ರಾಯೋಜಕರಿಗೆ ಸೀಟು ಕೊಡುವುದಿದ್ದರೆ ಎಷ್ಟು ಎಂದು ಪೋಸ್ಟರಿನಲ್ಲೇ ಮುದ್ರಿಸಬೇಕು. ಅರ್ಜಿಗಳಿಗೆ ಕ್ರಮಸಂಖ್ಯೆ ಕೊಟ್ಟು, ಹೆಸರಿನ ಕಾಲಂ ಮುಚ್ಚಿದ ಪ್ರತಿಯನ್ನು ಓದುಗರಿಗೆ ಕೊಡಬೇಕು. ಆಗ ಫೋನಿಗೆ ಉತ್ತರ ಸುಲಭ: ‘ಅರ್ಜಿ ಹಾಕಲು ಹೇಳಿ ಸಾರ್. ಓದುವವರಿಗೆ ಹೆಸರು ಕಾಣಿಸಲ್ಲ.’

ಆಯ್ಕೆಯಲ್ಲಿ ಎಡವುವ ಇನ್ನೊಂದು ಜಾಗ ದಿನಾಂಕ. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಒಒಡಿ ಬೇಕು. ಅದಕ್ಕೆ ಆಯ್ಕೆಯ ಪತ್ರ ಕೈಯಲ್ಲಿರಬೇಕು. ಪತ್ರ ಹಿಡಿದು ಬಿಇಒ ಕಚೇರಿಗೆ ಹೋಗಬೇಕು. ಸಂಕಿರಣಕ್ಕೆ ಮೂರು ದಿನ ಇರುವಾಗ ‘ನೀವು ಆಯ್ಕೆಯಾಗಿದ್ದೀರಿ’ ಎಂದರೆ ಬರಲು ಸಾಧ್ಯವಾಗುವುದು ಊರಲ್ಲೇ ಇರುವ ವಿದ್ಯಾರ್ಥಿಗಳಿಗೆ ಮಾತ್ರ. ಅಷ್ಟು ಕಷ್ಟಪಟ್ಟು ಅರ್ಜಿ ಓದಿ ಮತ್ತೆ ಸರದಿಯ ಫಲವನ್ನೇ ಪಡೆದಂತಾಯಿತು. ಫಲಿತಾಂಶಕ್ಕೂ ಸಂಕಿರಣಕ್ಕೂ ನಡುವೆ ಎರಡು ವಾರವಾದರೂ ಇರಲಿ. ಹಾಗಾದರೆ ಹತ್ತು ದಿನ ಅರ್ಜಿಗೆ, ಐದು ದಿನ ಓದಲು, ಹದಿನಾಲ್ಕು ದಿನ ಸಿದ್ಧತೆಗೆ: ಪೋಸ್ಟರು ಒಂದು ತಿಂಗಳು ಮೊದಲೇ ಹೊರಡಬೇಕು. ಅಷ್ಟು ಕಾಲ ಕೈಯಲ್ಲಿ ಇಲ್ಲದವರಿಗೆ ಸರದಿಯೇ ಸರಿ.

ಮೂರನೆಯದು ಬಹಳ ಚಿಕ್ಕದು, ಆದರೆ ಮೇಲಿಂದ ಮೇಲೆ ಆಗುವಂಥದ್ದು. ಗೂಗಲ್ ಫಾರ್ಮ್ ಸಲ್ಲಿಸಿದ ಕೂಡಲೇ ‘Your response has been recorded’ ಎಂಬ ಸಾಲು ಕಾಣುತ್ತದೆ. ಅದನ್ನು ಓದಿದವರಲ್ಲಿ ಅನೇಕರು ಸೀಟು ಸಿಕ್ಕಿತೆಂದೇ ತಿಳಿಯುತ್ತಾರೆ. ಆಯ್ಕೆ ಇರುವ ಸಂಕಿರಣಕ್ಕೆ ಆಹ್ವಾನವಿಲ್ಲದೆ ಬಂದು ನಿಲ್ಲುವವರು ಬಹುತೇಕ ಇವರೇ, ಅವರ ತಪ್ಪಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಆ ಸಾಲನ್ನು ಬದಲಿಸಬಹುದು: ‘ನಿಮ್ಮ ಅರ್ಜಿ ತಲುಪಿದೆ. ಸೀಟು ಇನ್ನೂ ಖಚಿತವಾಗಿಲ್ಲ. ಇಂಥ ದಿನಾಂಕದ ಸಂಜೆಯೊಳಗೆ ಉಂಟು ಅಥವಾ ಇಲ್ಲ ಎಂಬ ಸಂದೇಶ ಬರುತ್ತದೆ.’ ಇಲ್ಲ ಎಂಬ ಸಂದೇಶವನ್ನೂ ಕಳಿಸಲೇಬೇಕು. ನಮ್ಮಲ್ಲಿ ಆಯ್ಕೆಯಾದವರಿಗೆ ಮಾತ್ರ ತಿಳಿಸಿ, ಉಳಿದವರು ಅರ್ಥ ಮಾಡಿಕೊಳ್ಳಲಿ ಎಂದು ಸುಮ್ಮನಾಗುವ ರೂಢಿ ಹೆಚ್ಚು. ‘ಈ ಸಲ ನಲವತ್ತು ಸೀಟಿಗೆ ನೂರಿಪ್ಪತ್ತೆರಡು ಅರ್ಜಿ ಬಂದವು. ನಿಮಗೆ ಸೀಟು ಕೊಡಲಾಗಲಿಲ್ಲ. ಮೊದಲ ದಿನದ ಉಪನ್ಯಾಸಕ್ಕೆ ಬರಬಹುದು’ ಎಂಬ ಮೂರು ವಾಕ್ಯಕ್ಕೆ ಖರ್ಚೇನಿಲ್ಲ.

ಎರಡನ್ನೂ ಬೇರೆ ಮಾಡಿದರೆ

ಮೊದಲ ದಿನದ ಉಪನ್ಯಾಸಕ್ಕೆ ಬರಬಹುದು ಎಂದದ್ದರಲ್ಲೇ ಈ ಸಮಸ್ಯೆಗೆ ಒಂದು ಪರಿಹಾರವಿದೆ. ನಲವತ್ತರ ಮಿತಿ ಹುಟ್ಟಿದ್ದು ಕಲ್ಲುಗಳಿಂದ. ಉಪನ್ಯಾಸಕ್ಕೆ ಆ ಮಿತಿ ಬೇಕಿಲ್ಲ. ಕಾಲೇಜಿನ ಸಭಾಂಗಣದಲ್ಲಿ ನೂರೈವತ್ತು ಜನ ಕೂರಬಹುದು. ಎರಡೂ ದಿನಕ್ಕೆ ಒಂದೇ ನೋಂದಣಿ ಎಂದು ಕಟ್ಟಿಹಾಕಿದ್ದರಿಂದ ಉಪನ್ಯಾಸ ಕೇಳಿದರೆ ಸಾಕೆನ್ನುವವರೂ ಕಲ್ಲಿನ ಸೀಟಿಗೆ ಪೈಪೋಟಿ ಮಾಡಬೇಕಾಯಿತು. ಮೊದಲ ದಿನಕ್ಕೆ ಸರದಿ, ಎರಡನೆಯ ದಿನಕ್ಕೆ ಆಯ್ಕೆ ಎಂದು ಬೇರೆ ಮಾಡಿದರೆ ಸರ್ಟಿಫಿಕೇಟು ಬೇಕಾದ ವಿದ್ಯಾರ್ಥಿಗಳಿಗೂ ಜಾಗ ಸಿಗುತ್ತದೆ, ಓದಬೇಕಾದ ಅರ್ಜಿಗಳೂ ಕಡಿಮೆಯಾಗುತ್ತವೆ.

ಬೆಂಗಳೂರಿನ ಹೆಸರಘಟ್ಟ ಕಡೆ ಇರುವ ಐಸಿಟಿಎಸ್ ಎಂಬ ಸೈದ್ಧಾಂತಿಕ ವಿಜ್ಞಾನ ಕೇಂದ್ರದಲ್ಲಿ ಈ ಬೇರ್ಪಡಿಕೆ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಸಂಶೋಧನಾ ಕಾರ್ಯಕ್ರಮಗಳಿಗೆ ಅರ್ಜಿ ಹಾಕಿ ಆಯ್ಕೆಯಾಗಬೇಕು. ಅದೇ ಸಂಸ್ಥೆ ನೆಹರೂ ತಾರಾಲಯ ಮೊದಲಾದ ಸಂಸ್ಥೆಗಳ ಜೊತೆ ಸೇರಿ ನಡೆಸುವ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸ ಮಾಲೆ ಸಾರ್ವಜನಿಕರಿಗೆ ತೆರೆದದ್ದು. ಒಂದರಲ್ಲಿ ಬಂದವರು ಪರಸ್ಪರರ ಕೆಲಸದಲ್ಲಿ ಕೈಹಾಕಬೇಕು, ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಮುಖ್ಯ. ಇನ್ನೊಂದರಲ್ಲಿ ಕೇಳುವ ಕುತೂಹಲ ಇದ್ದರೆ ಸಾಕು.

ಯಾವ ದಾರಿ ಎಂದು ತೀರ್ಮಾನಿಸುವಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆಯೂ ಇದೇ. ಒಂದು ಸೀಟು ಯಾರ ಪಾಲಾಯಿತು ಎಂಬುದರಿಂದ ಉಳಿದ ಮೂವತ್ತೊಂಬತ್ತು ಜನರ ಕಲಿಕೆ ಬದಲಾಗುತ್ತದೆಯೇ? ಬದಲಾಗುತ್ತದೆಂದರೆ, ಅರ್ಜಿಗಳು ಸೀಟಿಗಿಂತ ಎರಡು ಪಟ್ಟಾದರೂ ಬರುವಂತಿದ್ದರೆ, ಓದಲು ಇಬ್ಬರೂ ಒಂದು ತಿಂಗಳ ಕಾಲವೂ ಇದ್ದರೆ ಆಯ್ಕೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸರದಿ, ಇಲ್ಲವೇ ವಾರದ ಗಡುವು ಮತ್ತು ಚೀಟಿ.

ದಾರಿ ಯಾವುದಾದರೂ ಕೊನೆಯ ವಾರದ ಕೆಲಸ ಒಂದೇ. ಸಂಕಿರಣಕ್ಕೆ ಐದು ದಿನ ಇರುವಾಗ ಎಲ್ಲರಿಗೂ ಒಂದು ಸಂದೇಶ: ‘ಬರುವುದು ಖಚಿತವೇ? ನಾಳೆ ಸಂಜೆ ಆರರೊಳಗೆ ಹೌದು ಎಂದು ಉತ್ತರಿಸಿ. ಉತ್ತರ ಬಾರದಿದ್ದರೆ ಸೀಟು ವೇಟಿಂಗ್ ಲಿಸ್ಟಿನವರಿಗೆ ಹೋಗುತ್ತದೆ.’ ಮರುದಿನ ಆರು ಗಂಟೆಗೆ ಉತ್ತರಿಸದವರಿಗೆ ಒಮ್ಮೆ ಫೋನು, ಆಮೇಲೆ ಮಾತಿನಂತೆ ಸೀಟು ಮುಂದಿನವರಿಗೆ. ಮುಂದಿನವರಿಗೂ ಒಂದು ದಿನದ ಗಡುವು. ಮರಳಿ ಕೊಡುವ ಇನ್ನೂರು ರೂಪಾಯಿ ಠೇವಣಿ ಇಡಿಸಿಕೊಳ್ಳುವವರೂ ಇದ್ದಾರೆ. ಬಂದ ದಿನ ನೋಂದಣಿ ಮೇಜಿನಲ್ಲೇ ವಾಪಸು. ತಪ್ಪಿಸಿಕೊಳ್ಳುವವರು ಇದರಿಂದ ಕಡಿಮೆಯಾಗುತ್ತಾರೆ. ಆದರೆ ಸಂಸ್ಥೆಯ ಖಾತೆಗೆ ಬಂದ ಹಣ ಮರಳಿಸುವ ಲೆಕ್ಕಪತ್ರ ತಲೆನೋವು. ಇನ್ನೂರು ರೂಪಾಯಿಯೂ ಹೊರೆಯಾಗುವ ವಿದ್ಯಾರ್ಥಿಗಳು ಅರ್ಜಿಯನ್ನೇ ಹಾಕದೆ ಉಳಿಯುತ್ತಾರೆ. ಉತ್ತರ ಕೇಳುವ ಸಂದೇಶದಿಂದಲೇ ಕೆಲಸವಾಗುವಾಗ ಠೇವಣಿಯ ಗೋಜು ಬೇಡ.

ಒಂದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬಾರದು. ಸರದಿ ಎಂದು ಸಾರಿ, ಫಾರ್ಮ್ ತುಂಬಿದ ಮೇಲೆ ಶೀಟಿನಲ್ಲಿ ಬಂದ ಹೆಸರುಗಳು ಹಿಡಿಸಲಿಲ್ಲವೆಂದು ಆಯ್ಕೆಗೆ ಹೊರಳುವುದು. ಬುಧವಾರ ರಾತ್ರಿ ಸೀಟು ಸಿಕ್ಕಿತೆಂದು ನಂಬಿದ ನಲವತ್ತು ಜನರಿಗೆ ಅದು ಕೊಟ್ಟ ಮಾತು. ಪಟ್ಟಿ ಸರಿಯಿಲ್ಲ ಎನಿಸಿದರೂ ಈ ಸಲ ಅದೇ ಪಟ್ಟಿಯಲ್ಲಿ ಸಂಕಿರಣ ನಡೆಸಬೇಕು, ಮುಂದಿನ ಸಲದ ಪೋಸ್ಟರು ಬರೆಯುವ ಮೊದಲು ಆ ಶೀಟನ್ನೂ ಹಾಜರಿ ಪುಸ್ತಕವನ್ನೂ ತೆರೆದು ಕೂರಬೇಕು.